ಲಾಡ್ಜಿನ ತಿಗಣೆ: ಸಾಕ್ಷಿ ಇರುವುದು ಮೈಮೇಲಲ್ಲ, ಹಾಸಿಗೆಯಲ್ಲಿ

ಲಾಡ್ಜಿನಲ್ಲಿ ತಿಗಣೆ ಕಚ್ಚಿಸಿಕೊಂಡವರು ಮ್ಯಾನೇಜರಿಗೆ ಬರೆಯುವ ದೂರಿನ ಪತ್ರದಲ್ಲಿ ಸಾಮಾನ್ಯವಾಗಿ ಮೈಮೇಲೆ ಎದ್ದ ದದ್ದುಗಳ ವರ್ಣನೆಯೇ ಹೆಚ್ಚು. ಅದಕ್ಕೆ ಮ್ಯಾನೇಜರ್ ಬಳಿ ಎರಡು ಉತ್ತರ ಸಿದ್ಧ ಇರುತ್ತವೆ. 'ಅದು ಸೊಳ್ಳೆ ಕಚ್ಚಿದ್ದು' ಎನ್ನುವುದು ಮೊದಲನೆಯದು. ಅದು ನಿಲ್ಲದಿದ್ದರೆ 'ತಿಗಣೆ ನಿಮ್ಮ ಬ್ಯಾಗಿನಲ್ಲೇ ಬಂದಿರಬೇಕು' ಎನ್ನುವುದು ಎರಡನೆಯದು. ಬರೀ ದದ್ದು ತೋರಿಸಿ ಹಣ ವಾಪಸ್ ಕೇಳಿದರೆ ಈ ಎರಡನ್ನೂ ಅಲ್ಲಗಳೆಯುವುದು ಕಷ್ಟ. ತಿಗಣೆಯ ಬದುಕು ಹೇಗೆ ಸಾಗುತ್ತದೆಂದು ಗೊತ್ತಿದ್ದರೆ ಎರಡಕ್ಕೂ ಉತ್ತರ ಆ ಕೋಣೆಯಲ್ಲೇ ಸಿಗುತ್ತದೆ.

ಮೊದಲು ದದ್ದಿನ ವಿಷಯ. ತಿಗಣೆ ರಕ್ತ ಹೀರಲು ಐದರಿಂದ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ, ರಕ್ತನಾಳ ಹಿಗ್ಗುವಂತೆ ಮಾಡುವ ಪ್ರೋಟೀನುಗಳಿರುವ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ನಮಗೆ ತುರಿಕೆ ಆಗುವುದು ಚುಚ್ಚಿದ್ದರಿಂದಲ್ಲ, ಈ ಜೊಲ್ಲಿಗೆ ದೇಹ ತೋರುವ ಅಲರ್ಜಿಯಿಂದ. ಹಾಗಾಗಿಯೇ ಒಂದೇ ಮಂಚದಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರ ಮೈ ಕೆಂಪೇರಿದರೆ, ಇನ್ನೊಬ್ಬರಲ್ಲಿ ಗುರುತೇ ಕಾಣದಿರಬಹುದು. ಹಿಂದೆಂದೂ ತಿಗಣೆ ಕಚ್ಚಿರದ ವ್ಯಕ್ತಿಯಲ್ಲಿ ದದ್ದು ಏಳಲು ಹಲವು ದಿನ, ಕೆಲವೊಮ್ಮೆ ಒಂದು ವಾರಕ್ಕೂ ಹೆಚ್ಚು ಹಿಡಿಯುತ್ತದೆ. ಪದೇ ಪದೇ ಕಚ್ಚಿಸಿಕೊಂಡವರಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ. ಶನಿವಾರ ಲಾಡ್ಜಿನಲ್ಲಿ ಕಚ್ಚಿದ್ದು ಮುಂದಿನ ಬುಧವಾರ ಮನೆಯಲ್ಲಿ ತುರಿಸಬಹುದು. ಭಾನುವಾರ ಬೆಳಿಗ್ಗೆ ಕಂಡ ದದ್ದು ಹಿಂದಿನ ಊರಿನದ್ದೂ ಆಗಿರಬಹುದು.

ತೋಳಿನ ಮೇಲೆ ಮೂರ್ನಾಲ್ಕು ದದ್ದು ಸಾಲಾಗಿದ್ದರೆ ಅದು ತಿಗಣೆಯದೇ ಎಂಬ ಮಾತು ಪ್ರಚಲಿತವಾಗಿದೆ. ಆದರೆ ಸಾಲಾಗಿರುವುದು ಒಂದು ಸೂಚನೆ ಮಾತ್ರ. ಸೊಳ್ಳೆ, ಚಿಗಟ, ಕಜ್ಜಿಹುಳದ ಗುರುತುಗಳನ್ನು ಇದರಿಂದ ಖಚಿತವಾಗಿ ಬೇರ್ಪಡಿಸಲು ಚರ್ಮವೈದ್ಯರಿಗೂ ಬರೀ ಕಣ್ಣಳತೆಯಲ್ಲಿ ಆಗುವುದಿಲ್ಲ. ಅವರು ಚೀಟಿಯಲ್ಲಿ 'ಕೀಟ ಕಚ್ಚಿದ ಗುರುತು' ಎಂದು ಬರೆದುಕೊಡಬಹುದು. ಯಾವ ಕೀಟ ಎಂಬುದನ್ನು ಕೋಣೆಯೇ ಹೇಳಬೇಕು.

ಹಗಲಿನಲ್ಲಿ ತಿಗಣೆ ನಾವು ಮಲಗುವ ಜಾಗಕ್ಕೆ ಹತ್ತಿರದಲ್ಲೇ ಅಡಗುತ್ತದೆ. ಎದ್ದ ಕೂಡಲೇ, ರೂಮ್‌ಬಾಯ್ ಹಾಸಿಗೆ ಸರಿಪಡಿಸುವ ಮೊದಲು, ಬೆಡ್‌ಶೀಟ್ ಎತ್ತಿ ಗಾದಿಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸುತ್ತ ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಆಮೇಲೆ ಮಂಚದ ತಲೆಭಾಗದ ಹಲಗೆಯ ಹಿಂದೆ, ಹಲಗೆಗಳ ಸಂದಿನಲ್ಲಿ, ಮೊಳೆಯ ತೂತುಗಳಲ್ಲಿ ನೋಡಬೇಕು. ಬೆಳೆದ ತಿಗಣೆ ಸುಮಾರು ಐದು ಮಿಲಿಮೀಟರ್ ಉದ್ದ, ಕಂದುಗೆಂಪು ಬಣ್ಣ, ಚಪ್ಪಟೆ ಮೈ. ಆದರೆ ಜೀವಂತ ತಿಗಣೆಗಿಂತ ಸುಲಭವಾಗಿ ಸಿಗುವುದು ಅದು ಬಿಟ್ಟುಹೋದ ಕುರುಹುಗಳು. ಹೊಲಿಗೆಯ ಉದ್ದಕ್ಕೂ ಗುಂಪುಗುಂಪಾಗಿರುವ ಕಪ್ಪು ಚುಕ್ಕೆಗಳು ಅದರ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಿಂದ ಒತ್ತಿದರೆ ಈ ಚುಕ್ಕೆ ಶಾಯಿಯಂತೆ ಹರಡುತ್ತದೆ. ಧೂಳು ಅಥವಾ ಬೂಷ್ಟಿನ ಕಲೆ ಹಾಗೆ ಹರಡುವುದಿಲ್ಲ.

ಎರಡನೆಯ ಉತ್ತರಕ್ಕೆ, ಅಂದರೆ 'ನೀವೇ ತಂದಿರಿ' ಎಂಬುದಕ್ಕೆ, ಬೇಕಾದ ಸಾಕ್ಷಿಯೂ ಇಲ್ಲೇ ಇದೆ. ತಿಗಣೆಯ ಮೊಟ್ಟೆ ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕು. ಹೊರಬಂದ ಮರಿ ದೊಡ್ಡದಾಗುವ ಮೊದಲು ಐದು ಸಲ ಪೊರೆ ಕಳಚುತ್ತದೆ. ಪ್ರತಿ ಸಲ ಕಳಚುವ ಮೊದಲೂ ಹೊಟ್ಟೆತುಂಬ ರಕ್ತ ಕುಡಿಯಲೇಬೇಕು. ಬೆಚ್ಚನೆಯ ಕೋಣೆಯಲ್ಲಿ ಆಹಾರ ತಪ್ಪದೆ ಸಿಕ್ಕರೂ ಮೊಟ್ಟೆಯಿಂದ ಬೆಳೆದ ತಿಗಣೆಯಾಗಲು ಸುಮಾರು ಒಂದು ತಿಂಗಳಾದರೂ ಆಗುತ್ತದೆ. ಹೊಲಿಗೆಯ ಸಂದಿನಲ್ಲಿ ಬೇರೆ ಬೇರೆ ಗಾತ್ರದ ಒಣ ಪೊರೆಗಳು, ಒಡೆದ ಬಿಳಿ ಮೊಟ್ಟೆಯ ಸಿಪ್ಪೆಗಳು, ದಟ್ಟವಾದ ಹಿಕ್ಕೆಯ ಚುಕ್ಕೆಗಳು ಒಟ್ಟಿಗೆ ಸಿಕ್ಕರೆ ತಿಗಣೆಗಳು ಅಲ್ಲಿ ವಾರಗಟ್ಟಲೆಯಿಂದ ಸಂಸಾರ ಹೂಡಿವೆ ಎಂದೇ ಅರ್ಥ. ನಿನ್ನೆ ಸಂಜೆ ಬಂದ ಪ್ರಯಾಣಿಕನ ಬ್ಯಾಗಿನಿಂದ ಒಂದೇ ರಾತ್ರಿಯಲ್ಲಿ ಇಷ್ಟೆಲ್ಲ ಆಗುವುದು ಸಾಧ್ಯವಿಲ್ಲ. ಒಂದೇ ಒಂದು ಜೀವಂತ ತಿಗಣೆ ಸಿಕ್ಕಿ ಬೇರೇನೂ ಕಾಣದಿದ್ದರೆ ಮಾತ್ರ ಮ್ಯಾನೇಜರ್ ವಾದಕ್ಕೆ ಸ್ವಲ್ಪ ಬಲವಿದೆ. ಪ್ರಯಾಣಿಕರ ಸಾಮಾನಿನ ಜೊತೆ ತಿಗಣೆ ಊರೂರು ಸುತ್ತುವುದು ನಿಜವೇ.

ಕಂಡದ್ದರ ಫೋಟೊ ತೆಗೆಯುವಾಗ ಮೊದಲು ಕೋಣೆಯ ಸಂಖ್ಯೆಯಿರುವ ಬಾಗಿಲು, ನಂತರ ಇಡೀ ಮಂಚ, ಕೊನೆಗೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಹತ್ತಿರದಿಂದ ಕುರುಹು, ಹೀಗೆ ಕ್ರಮವಾಗಿ ತೆಗೆಯಬೇಕು. ಕೀಟ ಅಥವಾ ಪೊರೆಯನ್ನು ಪಾರದರ್ಶಕ ಸೆಲ್ಲೋಟೇಪಿಗೆ ಅಂಟಿಸಿ ಬಿಳಿ ಕಾಗದದ ಮೇಲೆ ಹಚ್ಚಿಟ್ಟರೆ ಹಾಳಾಗದೆ ಉಳಿಯುತ್ತದೆ. ಕೋಣೆ ಬಿಡುವ ಮೊದಲೇ ರಿಸೆಪ್ಷನ್‌ನವರನ್ನು ಕರೆದು ತೋರಿಸಬೇಕು. ಇಷ್ಟಾದ ಮೇಲೆ ಬರೆಯುವ ಪತ್ರ ಚಿಕ್ಕದಾಗಿದ್ದರೂ ಗಟ್ಟಿಯಾಗಿರುತ್ತದೆ. ಒಂದು ಮಾದರಿ ಹೀಗಿದೆ:

'ಮಾನ್ಯ ಮ್ಯಾನೇಜರ್ ಅವರಿಗೆ,

ನಾನು ಶನಿವಾರ ಸಂಜೆ ನಿಮ್ಮ ಲಾಡ್ಜಿನ 204ನೇ ಕೋಣೆಗೆ ಬಂದು ಒಂದು ರಾತ್ರಿ ತಂಗಿದ್ದೆ. ರಶೀದಿಯ ಪ್ರತಿ ಲಗತ್ತಿಸಿದ್ದೇನೆ. ಭಾನುವಾರ ಬೆಳಿಗ್ಗೆ ಎಡತೋಳಿನ ಮೇಲೆ ತುರಿಕೆಯ ದದ್ದುಗಳಿದ್ದವು. ಹಾಸಿಗೆ ಪರೀಕ್ಷಿಸಿದಾಗ ಗಾದಿಯ ಹೊಲಿಗೆಯಲ್ಲಿ ಎರಡು ಜೀವಂತ ತಿಗಣೆ, ಬೇರೆ ಬೇರೆ ಗಾತ್ರದ ಪೊರೆಗಳು, ಮಂಚದ ಹಲಗೆಯ ಹಿಂದೆ ಕಪ್ಪು ಚುಕ್ಕೆಗಳು ಸಿಕ್ಕವು. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಸಿಬ್ಬಂದಿ ಇದನ್ನು ಕಣ್ಣಾರೆ ನೋಡಿದ್ದಾರೆ. ಫೋಟೊಗಳನ್ನು ಲಗತ್ತಿಸಿದ್ದೇನೆ, ಮಾದರಿ ನನ್ನ ಬಳಿ ಇದೆ. ಹಲವು ಗಾತ್ರದ ಪೊರೆಗಳಿರುವುದರಿಂದ ಇದು ಒಂದು ರಾತ್ರಿಯಲ್ಲಿ ಆದದ್ದಲ್ಲ. ದಯವಿಟ್ಟು ಆ ರಾತ್ರಿಯ ಪೂರ್ತಿ ಬಾಡಿಗೆಯನ್ನೂ ವೈದ್ಯರ ಹಾಗೂ ಬಟ್ಟೆ ಒಗೆಸಿದ ಬಿಲ್ಲಿನ ಹಣವನ್ನೂ ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ. 204ರ ಜೊತೆಗೆ ಅಕ್ಕಪಕ್ಕದ, ಮೇಲಿನ ಮತ್ತು ಕೆಳಗಿನ ಕೋಣೆಗಳಿಗೂ ಚಿಕಿತ್ಸೆ ಮಾಡಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ'

ಈ ಪತ್ರದಲ್ಲಿ ದದ್ದಿಗೆ ಸಿಕ್ಕಿರುವುದು ಒಂದೇ ವಾಕ್ಯ. ರೋಗ ಹರಡಿತೆಂಬ ಆರೋಪವೂ ಇಲ್ಲ, ಏಕೆಂದರೆ ತಿಗಣೆ ಕಚ್ಚಿ ಮನುಷ್ಯರಿಗೆ ಸೋಂಕುರೋಗ ಬಂದದ್ದು ಖಚಿತವಾಗಿ ಸಾಬೀತಾಗಿಲ್ಲ. ನಿಲ್ಲದ ಆರೋಪ ಒಂದಿದ್ದರೆ ನಿಲ್ಲುವಂಥದ್ದೂ ಸಡಿಲವಾಗುತ್ತದೆ. ಅಕ್ಕಪಕ್ಕದ ಕೋಣೆಗಳ ಮಾತು ಬಂದಿರುವುದು ತಿಗಣೆ ಗೋಡೆಯ ಬಿರುಕು, ವೈರಿನ ಪೈಪುಗಳ ಮೂಲಕ ದಾಟುವುದರಿಂದ. ಕೋಣೆ ಬದಲಿಸಿ ಕೊಡುತ್ತೇವೆಂದರೆ ಪಕ್ಕದ ಕೋಣೆಯನ್ನು ಒಪ್ಪದಿರುವುದೂ ಇದೇ ಕಾರಣಕ್ಕೆ.

'ಹೋದ ತಿಂಗಳಷ್ಟೇ ಔಷಧಿ ಹೊಡೆಸಿದ್ದೇವೆ' ಎಂಬ ಉತ್ತರ ಬಂದರೆ ಅದು ಸುಳ್ಳೇ ಆಗಬೇಕಿಲ್ಲ. ಈಗ ಹೆಚ್ಚಾಗಿ ಬಳಸುವ ಪೈರೆಥ್ರಾಯ್ಡ್ ಕೀಟನಾಶಕಗಳಿಗೆ ಹಲವೆಡೆ ತಿಗಣೆಗಳು ಜಗ್ಗುವುದಿಲ್ಲ. ಡಿಡಿಟಿಯನ್ನು ತಾಳಿಕೊಳ್ಳುವ ತಿಗಣೆಗಳು 1947ರಲ್ಲೇ ಹವಾಯಿಯಲ್ಲಿ ಕಂಡಿದ್ದವು. ಮೊಟ್ಟೆಗಳಿಗಂತೂ ಸಾಮಾನ್ಯ ಸಿಂಪಡಣೆ ಸರಿಯಾಗಿ ತಟ್ಟುವುದಿಲ್ಲ. ಹಾಗಾಗಿ ಎರಡು ವಾರಗಳ ನಂತರ, ಹೊಸ ಮರಿಗಳು ಹೊರಬಂದ ಮೇಲೆ, ಮತ್ತೊಮ್ಮೆ ಪರೀಕ್ಷಿಸಿ ಚಿಕಿತ್ಸೆ ಮಾಡಿಸಬೇಕು. ಒಂದೇ ಸಲ ಹೊಡೆಸಿದ ರಶೀದಿ ಕೋಣೆ ಶುದ್ಧವಾಗಿತ್ತು ಎಂಬುದಕ್ಕೆ ಪುರಾವೆಯಾಗದು.

ಬಿಸಿಯನ್ನು ಮಾತ್ರ ತಿಗಣೆಗಳು ತಡೆದುಕೊಳ್ಳಲಾರವು. ಮನೆಗೆ ಬಂದ ಮೇಲೆ ಬಟ್ಟೆಗಳನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ ಮೊಟ್ಟೆಯೂ ಸೇರಿ ಎಲ್ಲ ಹಂತಗಳೂ ಸಾಯುತ್ತವೆ. ಬ್ಯಾಗನ್ನು ಹಾಗೇ ಬಿಸಿಲಿಗಿಟ್ಟರೆ ಹೊರಗಿನ ಬಟ್ಟೆ ಕಾದರೂ ಒಳಗಿನ ಮಡಿಕೆಗೆ ಆ ಬಿಸಿ ತಲುಪದಿರಬಹುದು. ಅದನ್ನು ಖಾಲಿ ಮಾಡಿ ಹೊಲಿಗೆಗಳನ್ನು ಒಂದೊಂದಾಗಿ ನೋಡುವುದೇ ಮೇಲು.

ಮ್ಯಾನೇಜರ್ ಉತ್ತರ ಕೊಡದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆಯ ದೂರನ್ನು ಎರಡು ವರ್ಷಗಳೊಳಗೆ, ಲಾಡ್ಜ್ ಯಾವ ಊರಿನಲ್ಲೇ ಇದ್ದರೂ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕಾನೂನು ಎರಡು ವರ್ಷ ಕೊಟ್ಟರೂ ಗಾದಿ ಬದಲಾಯಿಸಲು, ಮಂಚ ಒರೆಸಲು ಒಂದು ಬೆಳಗು ಸಾಕು. ಆದ್ದರಿಂದ ತುರಿಕೆ ಇರಲಿ ಬಿಡಲಿ, ಲಾಡ್ಜಿನ ಹಾಸಿಗೆಯ ಹೊಲಿಗೆಯನ್ನು ಮಲಗುವ ಮೊದಲೊಮ್ಮೆ, ಎದ್ದ ಮೇಲೊಮ್ಮೆ ನೋಡುವುದು ಒಳ್ಳೆಯದು.