ಒತ್ತಿದರೆ ಏನಾಗುತ್ತೆ?

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಜಾಗವಿಲ್ಲ. ರಾಜ್ಯ ಚುನಾವಣಾ ಆಯೋಗದ ಪಟ್ಟಿಯಲ್ಲಿರುವ ಗುರುತುಗಳಲ್ಲಿ ಒಬ್ಬರಿಗೆ ಆಟೊ ಸಿಗುತ್ತದೆ, ಇನ್ನೊಬ್ಬರಿಗೆ ಗ್ಯಾಸ್ ಸಿಲಿಂಡರ್, ಮತ್ತೊಬ್ಬರಿಗೆ ಹೊಲಿಗೆ ಯಂತ್ರ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯಲ್ಲಿ ಅಕ್ಷರ ಕಲಿಯದ ಅಜ್ಜಿಯೂ ಮತಪತ್ರದಲ್ಲಿ ತನಗೆ ಬೇಕಾದ ಸಾಲನ್ನು ಹುಡುಕಿ ಮುದ್ರೆ ಒತ್ತಿ ಬರುತ್ತಾಳೆ. ಅದೇ ಅಜ್ಜಿಯ ಕೈಗೆ ಮೊಮ್ಮಗನ ಮೊಬೈಲು ಕೊಟ್ಟರೆ, ತೆರೆಯ ತುಂಬ ಚಿತ್ರಗಳೇ ಇದ್ದರೂ ಬೆರಳು ಮುಂದೆ ಹೋಗುವುದಿಲ್ಲ. ಎರಡೂ ಕಡೆ ಇರುವುದು ಚಿತ್ರವೇ. ಹಾಗಾದರೆ ಎಡವಟ್ಟು ಎಲ್ಲಿ?

ಚುನಾವಣೆಯ ಗುರುತಿಗೆ ಇರುವುದು ಒಂದೇ ಕೆಲಸ: ಬೇರೆ ಗುರುತುಗಳ ನಡುವೆ ಕಲೆಸಿಹೋಗದಂತೆ ನಿಲ್ಲುವುದು. ಆಟೊಗೂ ಅಭ್ಯರ್ಥಿಗೂ ಯಾವ ಸಂಬಂಧವೂ ಇರಬೇಕಾಗಿಲ್ಲ. ಸಂಬಂಧ ಕಲಿಸಲು ಮೈಕು ಕಟ್ಟಿಕೊಂಡು ಊರೂರು ಸುತ್ತುವವರಿದ್ದಾರೆ, ಮನೆ ಬಾಗಿಲಿಗೆ ಕರಪತ್ರ ತರುವವರಿದ್ದಾರೆ. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದಕ್ಕೆ ಗುರುತು ಅಂಟಿಸಿದ್ದರು. ಮತದಾರರು ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಗುರುತು ಸೋಲುವುದು ಇನ್ನೊಂದು ಗುರುತಿನ ಹಾಗೆ ಕಂಡಾಗ ಮಾತ್ರ. ನೆರೆಯ ತೆಲಂಗಾಣದಲ್ಲಿ ಕಾರು ಗುರುತಿನ ಪಕ್ಷ, ರೋಡ್ ರೋಲರ್ ಚಿತ್ರ ತನ್ನ ಕಾರಿನಂತೆಯೇ ಕಾಣುತ್ತದೆ ಎಂದು ಚುನಾವಣಾ ಆಯೋಗದ ಮುಂದೆ ತಕರಾರು ತೆಗೆದದ್ದು ಇದೇ ಕಾರಣಕ್ಕೆ.

ಮೊಬೈಲಿನ ಚಿತ್ರಕ್ಕೆ ಈ ಅನುಕೂಲವಿಲ್ಲ. ಅದರ ಪರವಾಗಿ ಪ್ರಚಾರ ಮಾಡುವವರು ಯಾರೂ ಇಲ್ಲ. ನೋಡಿದ ಕ್ಷಣದಲ್ಲೇ 'ನನ್ನನ್ನು ಒತ್ತಿದರೆ ಇಂಥದ್ದು ಆಗುತ್ತದೆ' ಎಂದು ಅದೇ ಹೇಳಬೇಕು. ವಸ್ತು ಯಾವುದೆಂದು ಗೊತ್ತಾಗುವುದು ಬೇರೆ, ಕ್ರಿಯೆ ಯಾವುದೆಂದು ಗೊತ್ತಾಗುವುದು ಬೇರೆ. ಆ್ಯಪ್ ಮಾಡುವವರಲ್ಲಿ ಬಹಳಷ್ಟು ಮಂದಿ ಮೊದಲನೆಯದನ್ನು ಪರೀಕ್ಷಿಸಿ ಎರಡನೆಯದೂ ಪಾಸಾಯಿತು ಎಂದುಕೊಳ್ಳುತ್ತಾರೆ.

ಈ ವ್ಯತ್ಯಾಸವನ್ನು ನೆಲಕ್ಕಿಳಿದು ನೋಡಿದ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ, ಅಮನ್ ಸಾಗರ್ ಮತ್ತು ಕೆಂಟಾರೊ ಟೊಯಾಮಾ ಅವರು ಮನೆಗೆಲಸದ ಮಹಿಳೆಯರಿಗಾಗಿ ಅಕ್ಷರವೇ ಇಲ್ಲದ ಉದ್ಯೋಗ ಮಾಹಿತಿ ವ್ಯವಸ್ಥೆಯೊಂದನ್ನು ರೂಪಿಸಿ, ಅದರ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಮನೆಗೆಲಸದವರ ಸಂಘಟನೆ ಕಟ್ಟುತ್ತಿದ್ದ ಸ್ತ್ರೀ ಜಾಗೃತಿ ಸಮಿತಿಯ ಮೂಲಕ ಕೊಳೆಗೇರಿಗಳ ಮಹಿಳೆಯರ ಜೊತೆ ಕೂತು, ಚಿತ್ರ ಬರೆದು, ತೋರಿಸಿ, ತಿದ್ದಿ, ಮತ್ತೆ ತೋರಿಸಿದ ಕೆಲಸ ಅದು. ಯಾವ ಮನೆಯಲ್ಲಿ ಯಾವ ಕೆಲಸ ಇದೆ, ಸಂಬಳ ಎಷ್ಟು, ಮನೆ ಎಲ್ಲಿದೆ ಎಂಬುದನ್ನೆಲ್ಲ ಚಿತ್ರ ಮತ್ತು ದನಿಯಿಂದಲೇ ತಿಳಿಸಬೇಕಿತ್ತು.

ಅಡುಗೆ ಕೆಲಸಕ್ಕೆ ಅಡುಗೆ ಮನೆಯ ಚಿತ್ರ ಹಾಕಿದರು. ನೋಡಿದವರು 'ಅಡುಗೆ ಮನೆ' ಅಂದರು. ಉತ್ತರ ಸರಿಯೇ, ಆದರೆ ಬೇಕಾಗಿದ್ದ ಉತ್ತರ ಅದಲ್ಲ. ಅವರಿಗೆ ಕಂಡದ್ದು ಜಾಗ, ತಿಳಿಸಬೇಕಾಗಿದ್ದದ್ದು ಕೆಲಸ. ನಲ್ಲಿಯಿಂದ ನೀರು ಬೀಳುವಂತೆ, ಪಾತ್ರೆಯಿಂದ ಹಬೆ ಏಳುವಂತೆ ಬರೆದ ಮೇಲೆ ಚಿತ್ರಕ್ಕೆ ಚಲನೆ ಬಂತು, ಅರ್ಥ ಜಾಗದಿಂದ ಕೆಲಸಕ್ಕೆ ಹೊರಳಿತು. ಎರಡೇ ಗೆರೆಯ ವ್ಯತ್ಯಾಸ, ಆದರೆ ಅದನ್ನು ಮೇಜಿನ ಮುಂದೆ ಕೂತು ಯಾರೂ ಊಹಿಸಿರಲಿಲ್ಲ. ಇನ್ನೊಂದು ವಿಷಯವೂ ಕಂಡಿತು: ತೀರಾ ಸರಳವಾದ ಸಂಕೇತಕ್ಕಿಂತ, ಮೈತುಂಬ ವಿವರವಿರುವ ಫೋಟೊಗಿಂತ, ಕಾರ್ಟೂನಿನಂತೆ ಅರೆ ಸರಳವಾಗಿ ಬರೆದ ಚಿತ್ರ ಮೊದಲ ತೆರೆಗೆ ಒಗ್ಗುತ್ತದೆ, ಒಳಗೆ ಹೋದಂತೆ ವಿವರ ಹೆಚ್ಚಿಸಬಹುದು.

ಹಾಗಾದರೆ ವಿಡಿಯೊ ಹಾಕಿ, ದನಿಯನ್ನೂ ಸೇರಿಸಿದರೆ ಎಲ್ಲರಿಗೂ ತಿಳಿಯುತ್ತದಲ್ಲವೇ? 2007ರಲ್ಲಿ ಮೇಧಿ ಮತ್ತು ಸಹೋದ್ಯೋಗಿಗಳು ಅದನ್ನೂ ನೋಡಿದರು. 13 ರೋಗಲಕ್ಷಣಗಳನ್ನು ಅಕ್ಷರ, ಗೆರೆಚಿತ್ರ, ಫೋಟೊ, ಅನಿಮೇಷನ್, ವಿಡಿಯೊ ಹೀಗೆ 5 ಬಗೆಯಲ್ಲಿ, ದನಿ ಸೇರಿಸಿಯೂ ಸೇರಿಸದೆಯೂ ಅಕ್ಷರ ಬಾರದ 200ಕ್ಕೂ ಹೆಚ್ಚು ಮಂದಿಗೆ ತೋರಿಸಿದರು. ದನಿಯಿದ್ದಾಗ ಸಾಮಾನ್ಯವಾಗಿ ಬೇಗ ಅರ್ಥವಾಗುತ್ತಿತ್ತು. ಆದರೆ ಮಾಹಿತಿ ಹೆಚ್ಚಾದಷ್ಟೂ ತಿಳಿವಳಿಕೆ ಹೆಚ್ಚಲಿಲ್ಲ. ಕೆಲವೊಮ್ಮೆ ಕಣ್ಣಿಗೊಂದು ಕಿವಿಗೊಂದು ಬಂದು ಗೊಂದಲವೇ ಆಯಿತು. 'ವಿಡಿಯೊ ಇದ್ದರೆ ಸಾಕು' ಎನ್ನುವ ಇವತ್ತಿನ ಹುಮ್ಮಸ್ಸಿಗೆ ಈ ಹಳೆಯ ಫಲಿತಾಂಶ ಸರಿಯಾದ ಕಡಿವಾಣ ಎಂದು ನನಗನಿಸುತ್ತದೆ.

ಈಗ ಶ್ರೀರಾಂಪುರಕ್ಕೇ ಬರೋಣ. ತೆಂಗು ಬೆಳೆಗಾರರಿಗೆ ಒಂದು ಆ್ಯಪ್ ಮಾಡುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಮೊದಲ ತೆರೆಯಲ್ಲಿ ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ರೇಟು ಹೇಳುವ ಚಿತ್ರ ಬೇಕು. ಕಲಾವಿದರು ಕೊಬ್ಬರಿಯ ಪಕ್ಕ 500 ರೂಪಾಯಿ ನೋಟು ಬರೆದುಕೊಟ್ಟಿದ್ದಾರೆ. ಇದು ತಿಳಿಯುತ್ತದೋ ಇಲ್ಲವೋ ಎಂದು ನೋಡುವುದು ಹೇಗೆ?

'ಇದು ಅರ್ಥವಾಯ್ತಾ?' ಎಂದು ಕೇಳಿದರೆ ಪರೀಕ್ಷೆ ಅಲ್ಲೇ ಕೆಟ್ಟಿತು. ಮನೆಗೆ ಬಂದವರ ಮುಖಕ್ಕೆ 'ಇಲ್ಲ' ಎನ್ನುವುದು ನಮ್ಮ ಕಡೆಯ ರೂಢಿಯಲ್ಲ, 'ಹೂಂ' ಎಂದುಬಿಡುತ್ತಾರೆ. ಇದು ರೇಟೋ, ಸಾಲವೋ, ಅಂಗಡಿಯೋ ಎಂದು ಆಯ್ಕೆ ಕೊಟ್ಟರೂ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತಾಯಿತು. ಕೇಳಬೇಕಾದ್ದು ಎರಡೇ ಮಾತು: 'ಅಕ್ಕ, ಇಲ್ಲಿ ಏನು ಕಾಣ್ತಿದೆ?' ಆಮೇಲೆ, 'ಇದನ್ನ ಒತ್ತಿದ್ರೆ ಏನಾಗುತ್ತೆ ಅನ್ಸುತ್ತೆ?' ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ನಾವು ಸಾರಾಂಶ ಬರೆದರೆ ತಪ್ಪು ಉತ್ತರ ನಮ್ಮ ಪೆನ್ನಿನಲ್ಲೇ ಸರಿಯಾಗಿಬಿಡುತ್ತದೆ.

ಮೊದಲ ಪ್ರಶ್ನೆಗೆ 'ಕೊಬ್ಬರಿ, ದುಡ್ಡು' ಎಂದು ಬಹುತೇಕ ಎಲ್ಲರೂ ಹೇಳಿಯಾರು. ಎರಡನೆಯ ಪ್ರಶ್ನೆಯಲ್ಲಿ ದಾರಿ ಕವಲೊಡೆಯುತ್ತದೆ. ಒಬ್ಬರು 'ಇವತ್ತು ರೇಟು ಎಷ್ಟು ಅಂತ ಹೇಳುತ್ತೆ' ಎನ್ನಬಹುದು. ಇನ್ನೊಬ್ಬರು 'ಕೊಬ್ಬರಿ ಮಾರಿದ ದುಡ್ಡು ಅಕೌಂಟಿಗೆ ಬರುತ್ತೆ' ಎನ್ನಬಹುದು. ಮತ್ತೊಬ್ಬರು 'ಒತ್ತಿದ್ರೆ ನಮ್ಮ ದುಡ್ಡೇ ಹೋಗುತ್ತೆ' ಎಂದು ಕೈ ಹಿಂದೆಗೆಯಬಹುದು. ಮೂವರೂ ಚಿತ್ರವನ್ನು ಗುರುತಿಸಿದ್ದಾರೆ, ಒಬ್ಬರಿಗೆ ಮಾತ್ರ ಅರ್ಥವಾಗಿದೆ.

ಇಂಥ ಉತ್ತರಗಳನ್ನು ಎಣಿಸಲು ಐಎಸ್‌ಒ 9186 ಎಂಬ ಅಂತರರಾಷ್ಟ್ರೀಯ ಮಾನದಂಡ ಒಂದು ದಾರಿ ಹಾಕಿಕೊಟ್ಟಿದೆ. ಸರಿ, ತಪ್ಪು, ಉದ್ದೇಶಕ್ಕೇ ತದ್ವಿರುದ್ಧವಾದ ತಪ್ಪು, ಗೊತ್ತಿಲ್ಲ, ಉತ್ತರವಿಲ್ಲ ಎಂದು ಬೇರೆ ಬೇರೆ ಬುಟ್ಟಿಗೆ ಹಾಕಬೇಕು. ಇಬ್ಬರು ಪ್ರತ್ಯೇಕವಾಗಿ ಕೂತು ವಿಂಗಡಿಸಿ, ಆಮೇಲೆ ತಾಳೆ ನೋಡಿದರೆ ಒಬ್ಬರ ಔದಾರ್ಯ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಎಷ್ಟು ಬಂದರೆ ಪಾಸು? ಸುರಕ್ಷಾ ಫಲಕಗಳಿಗಾಗಿ ಇರುವ ಅಮೆರಿಕದ ಎಎನ್‌ಎಸ್‌ಐ ಮಾನದಂಡ ಕನಿಷ್ಠ 50 ಜನರಲ್ಲಿ ಶೇ 85 ಸರಿ ಉತ್ತರ ಕೇಳುತ್ತದೆ. ಅಪಾಯ ತರುವ ತಪ್ಪು ಶೇ 5 ದಾಟಬಾರದು ಎನ್ನುತ್ತದೆ. ಅಂದರೆ 50ರಲ್ಲಿ 43 ಜನ ಸರಿ ಹೇಳಬೇಕು, ಅಪಾಯದ ತಪ್ಪು ಇಬ್ಬರನ್ನು ಮೀರಬಾರದು. ಈ ಎರಡನೆಯ ಲೆಕ್ಕವೇ ನನಗೆ ಹೆಚ್ಚು ಮುಖ್ಯ. ರೇಟಿನ ಚಿತ್ರವನ್ನು ನೋಡಿ ಹತ್ತು ಜನ 'ಗೊತ್ತಿಲ್ಲ' ಎಂದರೆ ಅವರು ಒತ್ತುವುದಿಲ್ಲ, ಅಷ್ಟೇ. 'ಹಣ ಕಳಿಸು' ಎಂಬ ಚಿತ್ರವನ್ನು ಮೂವರು 'ಹಣ ಬರುತ್ತೆ' ಎಂದು ಓದಿದರೆ, 47 ಜನ ಸರಿ ಹೇಳಿದ್ದರೂ ಆ ಚಿತ್ರವನ್ನು ಬಿಸಾಡಬೇಕು. ಇನ್ನು 43 ಎಂಬ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ: 50 ಜನರ ಪರೀಕ್ಷೆಯಲ್ಲಿ 43 ಬಂದರೆ, ನಿಜವಾದ ಪ್ರಮಾಣ ಶೇ 74ರಿಂದ 93ರ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಯಾರನ್ನು ಕೇಳುತ್ತೇವೆ ಎಂಬಲ್ಲೂ ಎಡವುವುದುಂಟು. 'ನಿಮಗೆ ಓದಲು ಬರುತ್ತಾ?' ಎಂದು ಹತ್ತು ಜನರ ಎದುರು ಕೇಳಿದರೆ ಸಂಕೋಚಕ್ಕೆ 'ಸ್ವಲ್ಪ ಬರುತ್ತೆ' ಎನ್ನುತ್ತಾರೆ. ಬಸ್ಸಿನ ಬೋರ್ಡಿನ ಫೋಟೊ ಒಂದನ್ನು ಕೊಟ್ಟು 'ಈ ಬಸ್ಸು ಎಲ್ಲಿಗೆ ಹೋಗುತ್ತೆ' ಎಂದರೆ ತಿಳಿಯುತ್ತದೆ. ಹಾಲಿನ ಡೈರಿಯ ಮುಂದೆ, ಸಂಘದ ಸಭೆಯಲ್ಲಿ ಜನ ಸುಲಭವಾಗಿ ಸಿಗುತ್ತಾರೆ ನಿಜ, ಆದರೆ ಅಲ್ಲಿ ಒಬ್ಬರಿಗೆ ಕೇಳಿದ್ದನ್ನು ನಾಲ್ಕು ಜನ ಉತ್ತರಿಸುತ್ತಾರೆ. ಪಕ್ಕದವರು ಹೇಳಿಕೊಟ್ಟ ಉತ್ತರ ಲೆಕ್ಕಕ್ಕಿಲ್ಲ, ಹಾಗಾಗಿ ಸ್ವಲ್ಪ ದೂರ ಕೂರಿಸಿಕೊಳ್ಳಬೇಕು. ಒಂದೇ ಅರ್ಥಕ್ಕೆ ಮೂರು ಚಿತ್ರ ಬರೆಸಿದ್ದರೆ ಮೂರನ್ನೂ ಒಬ್ಬರಿಗೇ ತೋರಿಸಬಾರದು, ಮೊದಲನೆಯದು ಎರಡನೆಯದಕ್ಕೆ ಪಾಠ ಹೇಳಿಬಿಡುತ್ತದೆ. ಬೇರೆ ಬೇರೆ ಅರ್ಥದ ಚಿತ್ರಗಳನ್ನೂ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಡಬೇಕು.

ಎಲ್ಲ ಚಿತ್ರಗಳೂ ಒಂದೊಂದಾಗಿ ಪಾಸಾದವು ಅನ್ನಿ. ಆಗ ಫೋನನ್ನೇ ಕೈಗೆ ಕೊಟ್ಟು, 'ಯಜಮಾನ್ರೇ, ಇವತ್ತಿನ ಕೊಬ್ಬರಿ ರೇಟು ಹುಡುಕಿ ಕೊಡಿ' ಎಂದು ಸುಮ್ಮನಿರಬೇಕು. ಇಲ್ಲಿ ಬೇರೆಯೇ ತೊಡಕು ಬರುತ್ತದೆ. ಮನೆಯ ಚಿತ್ರ ಒತ್ತಿದರೆ ಮೊದಲ ತೆರೆಗೆ ಮರಳಬಹುದು ಎಂಬುದು ಕಂಪ್ಯೂಟರು ಬಳಸಿದವರ ನಂಬಿಕೆ. ಹಳ್ಳಿಯಲ್ಲಿ ಆ ಚಿತ್ರ ವಸತಿ ಯೋಜನೆಯ ಅರ್ಜಿಯಾಗಿ ಕಂಡರೆ ತಪ್ಪೇನಿಲ್ಲ. ಒಳಗೆ ಹೋದವರು ಹೊರಗೆ ಬರಲು ದಾರಿ ಕಾಣದೆ ಆ್ಯಪನ್ನೇ ಮುಚ್ಚಿದರೆ ಅದನ್ನೂ ಬರೆದುಕೊಳ್ಳಬೇಕು.

ಹೀಗೆ ಮೆನುವಿನೊಳಗೆ ಮೆನುವಿಟ್ಟು ಜೋಡಿಸುವ ಪದ್ಧತಿಯ ಬಗ್ಗೆ ಮೇಧಿಯವರ ತಂಡ 2013ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಕಡಿಮೆ ಆದಾಯದ ಸಮುದಾಯಗಳ 60 ಜನರಿಗೆ ಓದುವ ಪರೀಕ್ಷೆ, ಆಕೃತಿಗಳ ಒಗಟು, ಕೊನೆಗೆ ಮೆನುವಿನೊಳಗೆ ವಸ್ತು ಹುಡುಕುವ ಕೆಲಸ ಕೊಟ್ಟರು. ಮೆನುವಿನಲ್ಲಿ ಒಂದಕ್ಷರವೂ ಇಲ್ಲದಿದ್ದಾಗಲೂ, ಓದು ಬಲ್ಲವರೇ ಅದರೊಳಗೆ ಚೆನ್ನಾಗಿ ದಾರಿ ಕಂಡುಕೊಂಡರು. ತೆಂಗಿನ ಆ್ಯಪಿನಲ್ಲಿ ಕಾಂಡ ಸೋರುವ ರೋಗವನ್ನು 'ಬೆಳೆ', ಅದರೊಳಗೆ 'ರೋಗ', ಅದರೊಳಗೆ 'ಕಾಂಡ' ಎಂದು ಮೂರು ಬಾಗಿಲ ಹಿಂದೆ ಇಟ್ಟರೆ, ಬಾಗಿಲ ಮೇಲಿನ ಚಿತ್ರ ಎಷ್ಟೇ ಚೆಂದವಿದ್ದರೂ ಕಷ್ಟವೇ. 'ಇದು ಯಾವ ಗುಂಪಿಗೆ ಸೇರಿದ್ದು' ಎಂದು ವರ್ಗ ಮಾಡಿ ಹುಡುಕುವ ಅಭ್ಯಾಸವನ್ನು ಶಾಲೆಯೇ ಹೆಚ್ಚಾಗಿ ಹಾಕಿಕೊಡುವುದು. ಕಾಂಡದಿಂದ ಕಂದು ರಸ ಸೋರುತ್ತಿರುವ ಮರ, ನುಸಿ ತಿಂದು ಒರಟಾದ ಕಾಯಿ, ಕಪ್ಪು ತಲೆ ಹುಳು ಮೇದು ಒಣಗಿದ ಗರಿ, ಇವನ್ನು ಒಂದೇ ತೆರೆಯಲ್ಲಿ ಸಾಲಾಗಿ ಇಟ್ಟು, ಮುಟ್ಟಿದಾಗ ಹೆಸರು ಹೇಳುವ ದನಿ ಸೇರಿಸುವುದು ಮೇಲು ಎಂಬುದು ನನ್ನ ಅಂದಾಜು. ಅಂದಾಜು ಸರಿಯೇ ಎಂದು ನೋಡಲು ಎರಡೂ ಬಗೆಯ ಆ್ಯಪನ್ನು ಬೇರೆ ಬೇರೆ ಜನರ ಕೈಗೆ ಕೊಟ್ಟು, ಎಷ್ಟು ಮಂದಿ ಯಾರ ನೆರವೂ ಇಲ್ಲದೆ ಸರಿಯಾದ ಚಿತ್ರ ತಲುಪಿದರು, ಎಲ್ಲಿ ನಿಂತರು ಎಂದು ಹೋಲಿಸಬೇಕು.

ಚಿತ್ರ ತಿದ್ದಿದ ಮೇಲೆ ಮೊದಲಿನವರನ್ನೇ ಮತ್ತೆ ಕೇಳಿದರೆ ಪ್ರಯೋಜನವಿಲ್ಲ, ಅವರು ಆಗಲೇ ಕಲಿತಿರುತ್ತಾರೆ. ಹೊಸ 50 ಜನ ಬೇಕು. ತೆಂಗಿನ ನಡುವೆಯೇ ಬೆಳೆಯದವರಿಗೂ ಚಿತ್ರ ತಿಳಿಯುತ್ತದೋ ಎಂದು ನೋಡಲು, ಅವರಲ್ಲಿ ಕೆಲವರಾದರೂ ತೆಂಗಿಗಿಂತ ರಾಗಿ, ಸಾವೆ ಹೊಲಗಳೇ ಹೆಚ್ಚಿರುವ ಊರುಗಳವರಾಗಿರಲಿ.