ಬುಡಕ್ಕೆ ಡೈ, ತುದಿಗೆ ಗ್ಲಾಸ್

ಕೂದಲಿಗೆ ಕಂದು ಬಣ್ಣ ಹಾಕಿಸಿಕೊಂಡ ಆರನೇ ವಾರದ ಹೊತ್ತಿಗೆ ಬೈತಲೆಯಲ್ಲಿ ಬಿಳಿ ಇಣುಕುತ್ತದೆ, ತುದಿ ಮಂಕಾಗಿ ಕಿತ್ತಳೆಗೆ ತಿರುಗುತ್ತದೆ. ಹೆಚ್ಚಿನವರು ಆಗ ಅದೇ ಡೈಯನ್ನು ಬುಡದಿಂದ ತುದಿಯವರೆಗೂ ಬಳಿದುಬಿಡುತ್ತಾರೆ. ಬುಡಕ್ಕೆ ಅದು ಬೇಕು, ತುದಿಗೆ ಬೇಡ.

ಪರ್ಮನೆಂಟ್ ಡೈಯಲ್ಲಿರುವ ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸುತ್ತದೆ. ಜೊತೆಗಿರುವ ಡೆವಲಪರ್ ಒಳಗಿನ ಸಹಜ ಬಣ್ಣವನ್ನು ಸ್ವಲ್ಪ ತಿಳಿಯಾಗಿಸಿ ಹೊಸ ಬಣ್ಣವನ್ನು ಕೂರಿಸುತ್ತದೆ. ವಾರಗಳು ಕಳೆದಂತೆ ಹೊಸ ಬಣ್ಣ ತೊಳೆದುಹೋಗುತ್ತದೆ, ಕೆಳಗೆ ತಿಳಿಯಾಗಿದ್ದ ಕಿತ್ತಳೆ ಹೊರಬೀಳುತ್ತದೆ. ತುದಿಗೆ ಮತ್ತೆ ಮತ್ತೆ ಅದನ್ನೇ ಹಚ್ಚಿದರೆ ಕೂದಲು ಒರಟಾಗುತ್ತಾ ಹೋಗುತ್ತದೆ.

ಡೆಮಿ-ಪರ್ಮನೆಂಟ್ ಬಣ್ಣ, ಅಂದರೆ ಪಾರ್ಲರಿನವರು ಗ್ಲಾಸ್ ಅನ್ನುವುದು, ಇದಕ್ಕಿಂತ ಸೌಮ್ಯ. ಸಾಮಾನ್ಯವಾಗಿ ಅಮೋನಿಯಾ ಇರುವುದಿಲ್ಲ, ಡೆವಲಪರ್ ಕೂಡ ಶೇ. 2ರಿಂದ 4ರಷ್ಟು ಮಾತ್ರ. ಹಾಗಾಗಿ ಅದು ಇರುವ ಬಣ್ಣದ ಮೇಲೆ ಬಣ್ಣ ಸೇರಿಸುತ್ತದೆ, ಕಪ್ಪು ಕೂದಲನ್ನು ತಿಳಿಯಾಗಿಸಲಾರದು. ಬಿಳಿಕೂದಲನ್ನೂ ಪೂರ್ತಿ ಮುಚ್ಚುವುದಿಲ್ಲ, ಉಳಿದವುಗಳ ಜೊತೆ ಬೆರೆಸುತ್ತದೆ ಅಷ್ಟೇ.

ಮಧ್ಯಮ ಕಂದು, ಅಂದರೆ 5ನೇ ಶೇಡ್ ಹಾಕಿಸಿಕೊಂಡು, ಈಗ ತುದಿ ಕಿತ್ತಳೆಯಾಗಿರುವವರ ಲೆಕ್ಕ ನೋಡೋಣ. ಕಿತ್ತಳೆಯನ್ನು ತಣಿಸುವುದು ನೀಲಿ ಛಾಯೆ. ಆದ್ದರಿಂದ ನೀಲಿ ಬೆರೆತ ಆಶ್ ಬೇಕು. ಆದರೆ 5ರ ಆಶ್ ಹಿಡಿಯಬಾರದು. ಹಳೆಯ ತುದಿ ಬಣ್ಣವನ್ನು ಜಾಸ್ತಿ ಹೀರಿ ಕಪ್ಪಾಗುತ್ತದೆ, 6ನ್ನೇ ತೆಗೆದುಕೊಳ್ಳಬೇಕು. ಅದರಲ್ಲೂ ಅರ್ಧ ಆಶ್, ಅರ್ಧ ನ್ಯಾಚುರಲ್ ಬೆರೆಸುವುದು ನನ್ನ ದೃಷ್ಟಿಯಲ್ಲಿ ಕ್ಷೇಮ. ಬರೀ ಆಶ್ ಹಾಕಿದರೆ ಒಣತುದಿ ಬೂದಿಯಂತೆ ಅಥವಾ ಹಸಿರುಮಿಶ್ರಿತವಾಗಿ ಕಾಣಬಹುದು. 1:2 ಅಳತೆಯ ಬ್ರ್ಯಾಂಡಿನಲ್ಲಿ 30 ಗ್ರಾಂ ಬಣ್ಣಕ್ಕೆ 60 ಗ್ರಾಂ ಡೆವಲಪರ್. ಕೆಲವು ಬ್ರ್ಯಾಂಡುಗಳಲ್ಲಿ ಇದು ಸಮಸಮ, ಡಬ್ಬ ಓದಿಕೊಳ್ಳಿ.

ಶಾಂಪೂ ಹಾಕಿ, ಕಂಡೀಷನರ್ ಬಿಟ್ಟು, ಟವೆಲಿನಿಂದ ನೀರು ಹಿಂಡಿದ ಕೂದಲಿಗೆ ಹಚ್ಚಬೇಕು. ಮೊದಲು ನಡುಭಾಗಕ್ಕೆ, ಕೊನೆಗೆ ತುದಿಗೆ. ಐದೈದು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಒದ್ದೆ ಟಿಶ್ಯೂನಿಂದ ಒರೆಸಿ ಬೆಳಕಿಗೆ ಹಿಡಿದರೆ ನಿಜವಾದ ಬಣ್ಣ ಕಾಣುತ್ತದೆ. ಕಿತ್ತಳೆ ಹೋಗಿದ್ದರೆ ಸಮಯ ಮುಗಿಯುವವರೆಗೆ ಕಾಯದೆ ತೊಳೆದುಬಿಡಿ. ಡಬ್ಬದಲ್ಲಿ ಹೇಳಿದ ಸಮಯ, ಸಾಮಾನ್ಯವಾಗಿ 20 ನಿಮಿಷ, ದಾಟಬಾರದು. ಅಕಸ್ಮಾತ್ ತುದಿ ಕಪ್ಪಾದರೆ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ಒಂದೆರಡು ಸಲ ತೊಳೆಯಿರಿ, ತಕ್ಕಮಟ್ಟಿಗೆ ಇಳಿಯುತ್ತದೆ.

ಅಮೋನಿಯಾ ಇಲ್ಲವೆಂದರೆ ಅಲರ್ಜಿ ಆಗುವುದಿಲ್ಲ ಎಂದು ತಿಳಿಯಬೇಡಿ. ಪರ್ಮನೆಂಟ್ ಡೈನಲ್ಲಿ ತುರಿಕೆ ಎಬ್ಬಿಸುವ ಪಿಪಿಡಿಯಂಥ ರಾಸಾಯನಿಕಗಳು ಇದರಲ್ಲೂ ಇರಬಹುದು. ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ನೋಡಲೇಬೇಕು. ಹಿಂದೆ ಯಾವುದಾದರೂ ಡೈನಿಂದ ಮುಖ ಊದಿಕೊಂಡಿದ್ದವರು ಪರೀಕ್ಷೆಗೂ ಮೊದಲು ಚರ್ಮತಜ್ಞರನ್ನು ಕೇಳಿ.

ಈ ಹೊಳಪು ನಾಲ್ಕರಿಂದ ಆರು ವಾರ ಇರುತ್ತದೆ. ದಿನವೂ ತಲೆಗೆ ಸ್ನಾನ ಮಾಡುವವರಿಗೆ, ಬೋರ್‌ವೆಲ್ಲಿನ ಗಡಸುನೀರು ಬಳಸುವವರಿಗೆ ಬೇಗ ಮಾಸುತ್ತದೆ. ಮುಂದಿನ ಸಲ ಪಾರ್ಲರಿಗೆ ಹೋದಾಗ ಡೈಯನ್ನು ಬುಡಕ್ಕಷ್ಟೇ ಹಚ್ಚಲು ಹೇಳಿ, ಅದನ್ನು ತೊಳೆದ ಮೇಲೆ ಉದ್ದಕ್ಕೆ ಗ್ಲಾಸ್ ಹಾಕಿಸಿಕೊಳ್ಳಿ.