ಪೇಸ್‌ಮೇಕರ್‌ಗೆ ಚಾರ್ಜರ್ ಏಕಿಲ್ಲ?

ಎದೆಯ ಚರ್ಮದಡಿ ಪೇಸ್‌ಮೇಕರ್ ಇರುವವರ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ಮೊಬೈಲಿನ ಹಾಗೆ ಇದನ್ನೂ ಚಾರ್ಜ್ ಮಾಡುವಂತಿದ್ದರೆ ಎಂಟು-ಹತ್ತು ವರ್ಷಕ್ಕೊಮ್ಮೆ ಮತ್ತೆ ಆಪರೇಶನ್ ಯಾಕೆ?

ಅದನ್ನೂ ಮಾಡಿ ನೋಡಿದ್ದಾಗಿದೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರಿನಲ್ಲಿ ಇದ್ದುದು ಹೊರಗಿನಿಂದ ಚಾರ್ಜ್ ಮಾಡುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದು ಕೆಲವೇ ಗಂಟೆ ನಡೆಯಿತು. ಅಂಥ ಬ್ಯಾಟರಿ ಸುಮ್ಮನಿದ್ದರೂ ಶಕ್ತಿ ಕಳೆದುಕೊಳ್ಳುತ್ತದೆ. ವಯಸ್ಸಾದವರು ಚಾರ್ಜ್ ಮಾಡಲು ಮರೆತರೆ ಪ್ರಾಣಕ್ಕೇ ಸಂಚಕಾರ.

1972ರಲ್ಲಿ ಬಳಕೆಗೆ ಬಂದ ಲಿಥಿಯಂ-ಅಯೋಡಿನ್ ಸೆಲ್‌ಗೆ ಆ ಗೋಜಿಲ್ಲ. ಅದರೊಳಗೆ ಅನಿಲ ಹುಟ್ಟದ ಕಾರಣ ಪೆಟ್ಟಿಗೆಯನ್ನು ಬೆಸುಗೆ ಹಾಕಿ ಪೂರ್ತಿ ಮುಚ್ಚಬಹುದು. ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ: ಅದು ತಟ್ಟನೆ ಕೈಕೊಡುವುದಿಲ್ಲ. ಬಳಸಿದಂತೆಲ್ಲ ಒಳಗೆ ಲಿಥಿಯಂ ಅಯೋಡೈಡಿನ ಪದರ ದಪ್ಪವಾಗಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಸುಮಾರು 2.8 ವೋಲ್ಟ್ ಇದ್ದದ್ದು ನಿಧಾನವಾಗಿ ಇಳಿಯುತ್ತದೆ. ತಪಾಸಣೆಯಲ್ಲಿ ಅದನ್ನು ಅಳೆದು, ಬದಲಿಸುವ ಸಮಯವನ್ನು ವೈದ್ಯರು ತಿಂಗಳುಗಳ ಮೊದಲೇ ಹೇಳಬಲ್ಲರು. ಆ ತಪಾಸಣೆ ತಪ್ಪಿಸಿದರೆ ಮಾತ್ರ ಈ ಅನುಕೂಲ ಕೈತಪ್ಪುತ್ತದೆ.

ಬದಲಿಸುವಾಗ ಬ್ಯಾಟರಿಯೊಂದನ್ನೇ ತೆಗೆಯಲಾಗದು, ಇಡೀ ಪೆಟ್ಟಿಗೆಯೇ ಹೊಸದು. ಹೃದಯಕ್ಕೆ ಹೋಗಿರುವ ತಂತಿಗಳು ಚೆನ್ನಾಗಿದ್ದರೆ ಅವನ್ನೇ ಹೊಸ ಪೆಟ್ಟಿಗೆಗೆ ಜೋಡಿಸುತ್ತಾರೆ.